ರಸೀದಿಯಲ್ಲಿ ಕಾಣದ ಕಮಿಷನ್

ಮಗನ ಫೀಗೆ ಅಮೆರಿಕಕ್ಕೆ ದುಡ್ಡು ಕಳಿಸಿದವರು ವರ್ಷದ ಲೆಕ್ಕಕ್ಕೆ ನನ್ನ ಆಫೀಸಿಗೆ ಬಂದಾಗ, ರಸೀದಿ ಮೇಜಿನ ಮೇಲಿಟ್ಟು ಖುಷಿಯಿಂದ ಹೇಳುತ್ತಾರೆ: "ಕಮಿಷನ್ ಝೀರೋ ನೋಡ್ರಿ ಸರ್." ನಾನು ಕೇಳುತ್ತೇನೆ, "ರೇಟ್ ಎಷ್ಟು ಹಾಕ್ಯಾರ್ರಿ?" ಉತ್ತರ ಸಿದ್ಧವಾಗಿರುತ್ತದೆ: "ಅದು ಅವತ್ತಿನ ರೇಟ್ ಅಲ್ಲೇನ್ರಿ?"

ಅವತ್ತಿನ ರೇಟ್ ಅಂತ ಒಂದೇ ರೇಟ್ ಇರುವುದಿಲ್ಲ. ಮಾರುಕಟ್ಟೆಯಲ್ಲಿ ಡಾಲರ್ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡರ ನಡುವೆ ಒಂದು ಮಧ್ಯದ ರೇಟ್ ಇರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಕಾಣುವುದು ಹೆಚ್ಚುಕಡಿಮೆ ಅದೇ. ಬ್ಯಾಂಕ್ ನಿಮಗೆ ಡಾಲರ್ ಮಾರುವಾಗ ಅದರ ಮೇಲೆ ತನ್ನ ಮಾರ್ಜಿನ್ ಸೇರಿಸುತ್ತದೆ. ಖಾತೆಯಿಂದ ಖಾತೆಗೆ ಕಳಿಸುವಾಗ ಹಾಕುವ ಈ ಬೆಲೆಗೆ ಟಿಟಿ ಸೆಲ್ಲಿಂಗ್ ರೇಟ್ ಅನ್ನುತ್ತಾರೆ. ಮಾರ್ಜಿನ್ ಎಷ್ಟು ಅಂತ ರಸೀದಿಯಲ್ಲಿ ಬೇರೆ ಸಾಲಿನಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅದು ರೇಟಿನ ಹೊಟ್ಟೆಯೊಳಗೇ ಇರುತ್ತದೆ.

ನಮ್ಮ ಗಂಜ್‌ನ ತೊಗರಿ ವ್ಯಾಪಾರಿಗಳಿಗೆ ಇದನ್ನು ವಿವರಿಸಲು ಕಷ್ಟವಾಗಬಾರದು. "ದಲಾಲಿ ಬ್ಯಾಡ, ಹಮಾಲಿ ನಾವೇ ಕೊಡ್ತೀವಿ" ಅಂತ ಬಂದ ಖರೀದಿದಾರ ಕ್ವಿಂಟಲ್‌ಗೆ ಇನ್ನೂರು ರೂಪಾಯಿ ಕಡಿಮೆ ಕೇಳಿದರೆ, ಅವನ ಲೆಕ್ಕ ಇವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗುತ್ತದೆ. ಅದೇ ಮನುಷ್ಯ ಬ್ಯಾಂಕಿನ ಕೌಂಟರ್ ಮುಂದೆ ನಿಂತಾಗ ರೇಟ್ ಕೇಳಲು ಯಾಕೆ ಸಂಕೋಚಪಡುತ್ತಾನೋ ನನಗಂತೂ ಅರ್ಥವಾಗಿಲ್ಲ.

ಅಂಥ ಒಬ್ಬ ವ್ಯಾಪಾರಿಯ ಲೆಕ್ಕವನ್ನೇ ನೋಡೋಣ. ಮಗ ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದಾನೆ. ಕಳಿಸಬೇಕಾದ್ದು 5,000 ಡಾಲರ್. ಲೆಕ್ಕ ಸುಲಭವಾಗಲಿ ಅಂತ ಮಧ್ಯದ ರೇಟ್ 90 ರೂಪಾಯಿ ಅಂತ ಇಟ್ಟುಕೊಂಡು, ಉಳಿದ ಅಂಕಿಗಳನ್ನೂ ಅದಕ್ಕೆ ಹೊಂದಿಸಿದ್ದೇನೆ. ಖರ್ಚೇ ಇಲ್ಲದೆ ಕಳಿಸಲು ಆಗುವಂತಿದ್ದರೆ 4,50,000 ರೂಪಾಯಿ ಸಾಕಿತ್ತು. ಅಳೆಯುವುದು ಈ ಮೊತ್ತದಿಂದಲೇ.

ಮೊದಲನೇ ಬ್ಯಾಂಕ್ ಕಮಿಷನ್ ಇಲ್ಲ ಅಂದಿತು. ರೇಟ್ 91.80 ಹಾಕಿತು. ಅಂದರೆ 4,59,000. ಅದರ ಮೇಲೆ ಕರೆನ್ಸಿ ಬದಲಾವಣೆಯ ಜಿಎಸ್‌ಟಿ ಸುಮಾರು 503. ಖಾತೆಯಿಂದ ಹೋದದ್ದು 4,59,503. ನಿಜವಾದ ಖರ್ಚು 9,503 ರೂಪಾಯಿ, ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ.

ಎರಡನೇ ಬ್ಯಾಂಕ್ ಸ್ವಿಫ್ಟ್ ಚಾರ್ಜ್ ಸೇರಿ 1,000 ರೂಪಾಯಿ ಕೇಳಿತು. ಜಿಎಸ್‌ಟಿ ಸೇರಿದರೆ 1,180. ಇವರು ಮುಖ ಸಿಂಡರಿಸಿದ್ದು ಇಲ್ಲೇ. ಆದರೆ ಅದರ ರೇಟ್ 90.45. ಅಂದರೆ 4,52,250. ಕರೆನ್ಸಿ ಬದಲಾವಣೆಯ ಜಿಎಸ್‌ಟಿ 497. ಒಟ್ಟು 4,53,927. ಖರ್ಚು 3,927 ರೂಪಾಯಿ, ನೂರಕ್ಕೆ ಒಂದೂ ಇಲ್ಲ. ಸಾವಿರ ರೂಪಾಯಿ ಚಾರ್ಜ್ ತಪ್ಪಿಸಿಕೊಳ್ಳಲು ಹೋಗಿ ಇವರು ಐದೂವರೆ ಸಾವಿರ ಜಾಸ್ತಿ ಕೊಟ್ಟಿದ್ದರು.

ಜಿಎಸ್‌ಟಿ ಎರಡು ಕಡೆ ಬರುವುದನ್ನು ಕಂಡು ಗಾಬರಿಯಾಗಬೇಡಿ. ಒಂದು ಬ್ಯಾಂಕಿನ ಚಾರ್ಜ್ ಮೇಲೆ, ಇನ್ನೊಂದು ಕರೆನ್ಸಿ ಬದಲಾಯಿಸಿದ ಸೇವೆಗೆ. ಎರಡನೆಯದು ಸಾಮಾನ್ಯವಾಗಿ ಮೊತ್ತದ ಸ್ಲ್ಯಾಬ್ ಪ್ರಕಾರ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ನೋಡಿದಿರಲ್ಲ, ಎರಡೂ ಬ್ಯಾಂಕುಗಳಲ್ಲಿ ಐನೂರರ ಆಸುಪಾಸೇ ಇತ್ತು. ಚೌಕಾಸಿ ಮಾಡುವ ಜಾಗ ಅದಲ್ಲ.

ಹಾಗಂತ ಚಾರ್ಜ್ ತೆಗೆದುಕೊಳ್ಳುವ ಬ್ಯಾಂಕೇ ಯಾವಾಗಲೂ ಅಗ್ಗ ಅಂತ ನಾನು ಹೇಳಿದೆ ಅನ್ನಬೇಡಿ. ಅದೇ ಎರಡು ಬ್ಯಾಂಕುಗಳಲ್ಲಿ ಮಗನ ಕೈಖರ್ಚಿಗೆ ಬರೀ 300 ಡಾಲರ್ ಕಳಿಸಿ ನೋಡಿ. ಮಧ್ಯದ ರೇಟಿನಲ್ಲಿ 27,000. ಝೀರೋ ಕಮಿಷನ್ ಬ್ಯಾಂಕಿನಲ್ಲಿ ಮಾರ್ಜಿನ್ 540, ಜಿಎಸ್‌ಟಿ ಸೇರಿ ಖರ್ಚು ಸುಮಾರು 590. ಇನ್ನೊಂದರಲ್ಲಿ ಮಾರ್ಜಿನ್ 135 ಮಾತ್ರ, ಆದರೆ ಆ 1,180 ಹಾಗೇ ಕೂತಿರುತ್ತದೆ. ಎಲ್ಲಾ ಸೇರಿ ಸುಮಾರು 1,364, ನೂರಕ್ಕೆ ಐದು! ಮಾರ್ಜಿನ್ ಮೊತ್ತದ ಜೊತೆ ಬೆಳೆಯುತ್ತದೆ, ಚಾರ್ಜ್ ಬೆಳೆಯುವುದಿಲ್ಲ. ಅದಕ್ಕೇ "ಯಾವ ಬ್ಯಾಂಕ್ ಛಲೋ ಸರ್?" ಅಂತ ಕೇಳಿದರೆ ನಾನು "ಎಷ್ಟು ಕಳಿಸ್ತೀರಿ?" ಅಂತ ತಿರುಗಿ ಕೇಳುತ್ತೇನೆ. ತಿಂಗಳಿಗೆ 300ರಂತೆ ಕಳಿಸುವವರು ಮೂರು ತಿಂಗಳದ್ದನ್ನು ಒಟ್ಟಿಗೆ ಕಳಿಸಲು ಆಗುತ್ತಾ ಅಂತಲೂ ಯೋಚಿಸಬಹುದು.

ಇನ್ನೊಂದು ಖರ್ಚು ಇಲ್ಲಿಯ ರಸೀದಿಯಲ್ಲಿ ಇರುವುದೇ ಇಲ್ಲ. ಕಲಬುರಗಿಯಿಂದ ಹೊರಟ ಡಾಲರ್ ನೇರವಾಗಿ ಯೂನಿವರ್ಸಿಟಿ ಖಾತೆಗೆ ಹೋಗದೆ ನಡುವೆ ಒಂದೋ ಎರಡೋ ಬ್ಯಾಂಕ್ ದಾಟಬಹುದು. ಅವು ತಮ್ಮ ಪಾಲು ಮುರಿದುಕೊಂಡರೆ 5,000 ಹೊರಟಿದ್ದು 4,980 ಆಗಿ ತಲುಪುತ್ತದೆ. ಆ 20 ಡಾಲರ್ ಅಂದರೆ 1,800 ರೂಪಾಯಿ. ಎರಡನೇ ಬ್ಯಾಂಕಿನ 3,927ಕ್ಕೆ ಇದನ್ನು ಸೇರಿಸಿದರೆ 5,727. ಜೊತೆಗೆ ಫೀ ಬಾಕಿ ಅಂತ ಹುಡುಗನಿಗೆ ಮೇಲ್ ಬರುತ್ತದೆ. ಅರ್ಜಿಯಲ್ಲಿ ಚಾರ್ಜ್ ಯಾರದ್ದು ಅಂತ ಕೇಳುವ ಕಡೆ SHA, ಅಂದರೆ ಎರಡೂ ಕಡೆಯವರು ಹಂಚಿಕೊಳ್ಳುವುದು ಅಂತಿದ್ದರೆ ಹೀಗಾಗುವ ಸಾಧ್ಯತೆ ಇದೆ. OUR ಅಂತ ಹಾಕಿದರೆ ದಾರಿಯ ಚಾರ್ಜನ್ನು ನೀವೇ ಇಲ್ಲಿ ಮೊದಲೇ ಕೊಡುತ್ತೀರಿ. ಫೀಗೆ OUR, ಮಗನ ಸ್ವಂತ ಖಾತೆಗಾದರೆ SHA ನಡೆಯುತ್ತದೆ ಅಂತ ನಾನು ಸಾಮಾನ್ಯವಾಗಿ ಹೇಳುತ್ತೇನೆ. OURಗೆ ಎಷ್ಟು ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಅದನ್ನು ಹಾಕಿದರೂ ಅಲ್ಲಿ ಮುರಿದುಕೊಂಡ ಉದಾಹರಣೆಗಳಿವೆ, ಅದಕ್ಕೇ ಗ್ಯಾರಂಟಿ ಅಂತ ಹೇಳಲಾರೆ.

ಹಾಗಾಗಿ ಲೆಕ್ಕದ ಸೂತ್ರ ಇಷ್ಟೇ:

ನಿಜವಾದ ಖರ್ಚು = ಖಾತೆಯಿಂದ ಹೋದ ಒಟ್ಟು ರೂಪಾಯಿ − (ಅಲ್ಲಿ ತಲುಪಿದ ಡಾಲರ್ × ಆ ಹೊತ್ತಿನ ಮಧ್ಯದ ರೇಟ್)

ವಿಶ್ವಬ್ಯಾಂಕ್ ದೇಶದಿಂದ ದೇಶಕ್ಕೆ ಹಣ ಕಳಿಸುವ ಖರ್ಚು ಅಳೆಯುವಾಗಲೂ ಚಾರ್ಜ್ ಮತ್ತು ರೇಟಿನ ಮಾರ್ಜಿನ್ ಎರಡನ್ನೂ ಕೂಡಿಸಿಯೇ ಅಳೆಯುತ್ತದೆ.

"ಆ ಹೊತ್ತಿನ" ಅನ್ನುವುದನ್ನು ಒತ್ತಿ ಹೇಳುತ್ತೇನೆ. ಹೋದ ತಿಂಗಳ ರೇಟಿಗೆ ಹೋಲಿಸಿ ಬ್ಯಾಂಕಿನವರ ಮೇಲೆ ಜಗಳಕ್ಕೆ ಹೋಗುವವರೂ ಇದ್ದಾರೆ. ರೂಪಾಯಿ ಇಳಿದರೆ ಬ್ಯಾಂಕಿನವರು ಏನು ಮಾಡುತ್ತಾರೆ ಪಾಪ! ವ್ಯವಹಾರ ನಡೆದ ಹೊತ್ತಿನಲ್ಲೇ ಮೊಬೈಲಿನ ರೇಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಣ್ಣ ಶಾಖೆಯಲ್ಲಿ ಬೆಳಿಗ್ಗೆ ಫಾರ್ಮ್ ಕೊಟ್ಟರೂ ಅದು ಬೇರೆ ಊರಿನ ಫಾರೆಕ್ಸ್ ವಿಭಾಗಕ್ಕೆ ಹೋಗಿ ಮಧ್ಯಾಹ್ನ ರೇಟ್ ಬೀಳಬಹುದು. ಹೋಲಿಸಬೇಕಾದ್ದು ಆ ಮಧ್ಯಾಹ್ನದ ರೇಟಿನ ಜೊತೆ.

ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕ್ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ಅಂದರೆ ಟಿಸಿಎಸ್ ಅನ್ನು ಈ ಲೆಕ್ಕಕ್ಕೆ ಎಳೆದು ತರಬೇಡಿ. 2025ರ ಏಪ್ರಿಲ್‌ನಿಂದ ಅದರ ಮಿತಿ ಹಣಕಾಸು ವರ್ಷಕ್ಕೆ ಹತ್ತು ಲಕ್ಷ ರೂಪಾಯಿ. ಅದು ದಾಟಿ ಕಡಿತವಾದರೂ ನಿಮ್ಮ ಪ್ಯಾನ್ ಹೆಸರಿನಲ್ಲೇ ಜಮಾ ಆಗುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ದುಡ್ಡು ಕೆಲವು ತಿಂಗಳು ಸಿಕ್ಕಿಕೊಳ್ಳುತ್ತದೆ ನಿಜ, ಆದರೆ ಅದು ಬ್ಯಾಂಕಿನ ಲಾಭವಲ್ಲ.

ಆ ತೊಗರಿ ವ್ಯಾಪಾರಿಗೆ ಮುಂದಿನ ಸೆಮಿಸ್ಟರ್‌ಗೆ ಮೊದಲು ನಾನು ಹೇಳಿದ್ದು ಇಷ್ಟು: ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುತ್ತದೆ, ಆಗ ಆ್ಯಪಿನಲ್ಲಿ ಕಳಿಸಿದರೆ ಮಾರ್ಜಿನ್ ಜಾಸ್ತಿ ಇರಬಹುದು, ವಾರದ ನಡುವೆ ಕಳಿಸಿ. ಫಾರ್ಮ್ ತುಂಬುವ ಮೊದಲೇ "ಈಗ ಟಿಟಿ ಸೆಲ್ಲಿಂಗ್ ಎಷ್ಟು, ಒಟ್ಟು ನನ್ನ ಖಾತೆಯಿಂದ ಎಷ್ಟು ಹೋಗುತ್ತೆ?" ಅಂತ ಕೇಳಿ. ಬೋರ್ಡಿನ ರೇಟ್ ಸಣ್ಣ ಮೊತ್ತಕ್ಕೆ, ದೊಡ್ಡ ಮೊತ್ತಕ್ಕೆ ಶಾಖೆಯವರು ಮೇಲೆ ಫೋನ್ ಮಾಡಿ ಬೇರೆ ರೇಟ್ ಕೇಳಬಹುದು, ಕೇಳಿಸಿ. ಅವರು ತಮ್ಮ ಹಳೇ ಬ್ಯಾಂಕಿಗೇ ಹೋದರು. ಮ್ಯಾನೇಜರ್ ಮೊದಲು ಆಗುವುದಿಲ್ಲ ಅಂದರಂತೆ, ಇವರು ಎರಡನೇ ಬ್ಯಾಂಕಿನ ರೇಟ್ ಬರೆದ ಚೀಟಿ ತೋರಿಸಿದ ಮೇಲೆ 40 ಪೈಸೆ ಇಳಿಸಿದರು. 5,000 ಡಾಲರ್‌ಗೆ ಎರಡು ಸಾವಿರ ರೂಪಾಯಿ ಉಳಿಯಿತು. ಎರಡನೇ ಬ್ಯಾಂಕ್ ಆಗಲೂ ಅಗ್ಗವೇ ಇತ್ತು, ಆದರೆ ಅಲ್ಲಿ ಖಾತೆ ತೆರೆಯುವ ತಲೆನೋವು ಬ್ಯಾಡ ಅಂದರು.