ಎಳೆ ಗಿಡ್ಡವಾಗದೆ ಸ್ನಾಯು ಹೇಗೆ ಗಿಡ್ಡವಾಗುತ್ತದೆ?

ಸ್ನಾಯು ಗಿಡ್ಡವಾಗುತ್ತದೆ, ಅದು ಕಣ್ಣಿಗೇ ಕಾಣುತ್ತದೆ. ಆದರೆ ಅದರೊಳಗೆ ಹುಡುಕಿದರೆ ಗಿಡ್ಡವಾಗುವ ಎಳೆ ಒಂದೂ ಸಿಗುವುದಿಲ್ಲ. ಮೊದಲ ವರ್ಷದ ಜೀವಶಾಸ್ತ್ರದ ಮಕ್ಕಳು ಎಡವುವುದು ಇಲ್ಲೇ. "ಆಕ್ಟಿನ್ ಮತ್ತು ಮಯೋಸಿನ್ ಕುಗ್ಗುತ್ತವೆ" ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ನಾನು ಪಶುವೈದ್ಯ, ಓಡಾಟವೆಲ್ಲ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಕೊಟ್ಟಿಗೆಗಳಲ್ಲಿ. ಹಸು ನೋಡಿ ಕೈ ತೊಳೆಯುವ ಹೊತ್ತಿಗೆ ಮನೆಯಲ್ಲಿ ಬಿ.ಎಸ್ಸಿ. ಓದುವ ಮಗಳೋ ಮಗನೋ ಇದ್ದರೆ ಸ್ನಾಯುವಿನ ಪಾಠ ಹೇಗೋ ಬಂದೇ ಬರುತ್ತದೆ.

ಮೊದಲು ಅಳತೆ ನೋಡೋಣ. ಸ್ನಾಯುವಿನ ಒಂದು ನಾರು ಅಂದರೆ ಒಂದು ಜೀವಕೋಶ. ಅದರೊಳಗೆ ಮಯೋಫೈಬ್ರಿಲ್ ಎಂಬ ಸಣ್ಣ ಕಟ್ಟುಗಳು ಉದ್ದಕ್ಕೆ ಮಲಗಿರುತ್ತವೆ. ಒಂದೊಂದು ಮಯೋಫೈಬ್ರಿಲ್‌ನಲ್ಲೂ ಸಾರ್ಕೊಮಿಯರ್ ಎಂಬ ತುಂಡುಗಳು ಒಂದರ ಹಿಂದೆ ಒಂದು ಸಾಲಾಗಿ ಕೂತಿವೆ. ಸಾರ್ಕೊಮಿಯರ್‌ನ ಎರಡು ತುದಿಗೆ ಝಡ್ ಗೆರೆ. ಆ ಗೆರೆಗಳಿಂದ ಒಳಮುಖವಾಗಿ ಆಕ್ಟಿನ್‌ನ ತೆಳು ಎಳೆಗಳು ಚಾಚಿರುತ್ತವೆ. ನಡುವೆ ಮಯೋಸಿನ್‌ನ ದಪ್ಪ ಎಳೆಗಳಿವೆ. ಕಪ್ಪೆಯ ಸ್ನಾಯುವಿನಲ್ಲಿ ದಪ್ಪ ಎಳೆ 1.6 ಮೈಕ್ರೋಮೀಟರ್ ಉದ್ದ, ತೆಳು ಎಳೆ ಸುಮಾರು 1. ಮನುಷ್ಯನಲ್ಲಿ ತೆಳು ಎಳೆ ಇನ್ನೂ ಸ್ವಲ್ಪ ಉದ್ದ. ಲೆಕ್ಕ ಸುಲಭವಾಗಲಿ ಎಂದು ಕಪ್ಪೆಯದನ್ನೇ ಇಟ್ಟುಕೊಳ್ಳುತ್ತೇನೆ.

ಈಗ ಒಂದು ಸಾರ್ಕೊಮಿಯರ್ 2.4 ಮೈಕ್ರೋಮೀಟರ್ ಇದೆ ಎನ್ನಿ. ಅದು 2.0ಕ್ಕೆ ಇಳಿಯುತ್ತದೆ. ದಪ್ಪ ಎಳೆ ಇರುವ ಜಾಗ ಅಂದರೆ ಎ ಪಟ್ಟಿ. ಅದು ಮೊದಲೂ 1.6, ಆಮೇಲೂ 1.6. ತೆಳು ಎಳೆ ಮಾತ್ರ ಇರುವ ಐ ಪಟ್ಟಿ 0.8ರಿಂದ 0.4ಕ್ಕೆ ಬಂತು. ನಟ್ಟನಡುವೆ ತೆಳು ಎಳೆ ತಲುಪದೆ ಬಿಟ್ಟ ಎಚ್ ವಲಯ 0.4 ಇತ್ತು, ಪೂರ್ತಿ ಮಾಯವಾಯಿತು. ಕಮ್ಮಿಯಾದದ್ದು ಖಾಲಿ ಜಾಗ ಮಾತ್ರ, ಅಲ್ವಾ? ಎಳೆಗಳು ಒಂದರ ಪಕ್ಕ ಒಂದು ಜಾರಿವೆ, ಅಷ್ಟೆ. 1954ರಲ್ಲಿ ಇದನ್ನು ತೋರಿಸಿದ್ದು ಎರಡು ತಂಡಗಳು. ಆ್ಯಂಡ್ರೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ ಕಪ್ಪೆಯ ಜೀವಂತ ನಾರಿನಲ್ಲಿ ತೋರಿಸಿದರು. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಮೊಲದ ಮಯೋಫೈಬ್ರಿಲ್‌ನಲ್ಲಿ ತೋರಿಸಿದರು. ಎರಡೂ ಲೇಖನ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಇಬ್ಬರು ಹಕ್ಸ್‌ಲಿಗಳು ಅಣ್ಣತಮ್ಮಂದಿರೇನಲ್ಲ, ಸಂಬಂಧಿಕರೂ ಅಲ್ಲ. ಈ ಪ್ರಶ್ನೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ.

0.4 ಮೈಕ್ರೋಮೀಟರ್ ಅಂದರೆ ಏನೂ ಅಲ್ಲ ಅನಿಸಬಹುದು. ಆದರೆ ಸಾರ್ಕೊಮಿಯರ್‌ಗಳು ಸಾಲಾಗಿ ಕೂತಿವೆ, ಅದು ಮರೆಯಬೇಡಿ. ರಟ್ಟೆಯ ಬೈಸೆಪ್ಸ್‌ನಲ್ಲಿ 10 ಸೆಂಟಿಮೀಟರ್ ಉದ್ದದ ನಾರೊಂದನ್ನು ತಗೊಳ್ಳಿ. ಅದರಲ್ಲಿ ಸುಮಾರು 42,000 ಸಾರ್ಕೊಮಿಯರ್ ಸಾಲುಗಟ್ಟಿರುತ್ತವೆ. ಒಂದೊಂದೂ 0.4 ಮೈಕ್ರೋಮೀಟರ್ ಬಿಟ್ಟುಕೊಟ್ಟರೆ ನಾರು 1.6 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಗಿಡ್ಡವಾಗುತ್ತದೆ. ಬೈಸೆಪ್ಸ್ ಮೂಳೆಗೆ ಅಂಟುವುದು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ಕೆಳಗೆ. ಅಂಗೈ ಇರುವುದು ಅದಕ್ಕಿಂತ ಏಳೆಂಟು ಪಟ್ಟು ದೂರದಲ್ಲಿ. ಹಾಗಾಗಿ ಅಂಗೈಲಿರುವ ಹಾಲಿನ ಪಾತ್ರೆ ಅರ್ಧ ಗೇಣಿಗಿಂತ ಜಾಸ್ತಿ ಮೇಲೆ ಬರುತ್ತದೆ.

ಜಾರಿಸುವುದು ಯಾರು? ಮಯೋಸಿನ್‌ನ ತಲೆಗಳು. ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳು, ಒಂದೊಂದಕ್ಕೂ ಎರಡು ತಲೆ. ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ಹಗ್ಗವೂ ಗಿಡ್ಡವಾಗುವುದಿಲ್ಲ, ಕೈಯೂ ಗಿಡ್ಡವಾಗುವುದಿಲ್ಲ. ಹಿಡಿ, ಎಳಿ, ಬಿಡು, ಮುಂದಕ್ಕೆ ಹಿಡಿ. ಒಂದು ಕೈ ಬಿಟ್ಟಾಗ ಇನ್ನೊಂದು ಹಿಡಿದಿರುತ್ತದೆ, ಅದಕ್ಕೇ ಕೊಡ ವಾಪಸ್ ಬೀಳುವುದಿಲ್ಲ. ತಲೆಗಳು ಮಾಡುವುದೂ ಇದನ್ನೇ. ಒಂದು ಎಳೆತಕ್ಕೆ ಹೆಚ್ಚೆಂದರೆ 10 ನ್ಯಾನೋಮೀಟರ್ ಸರಿಯುತ್ತದೆ. ನಮ್ಮ ಲೆಕ್ಕದಲ್ಲಿ ಸಾರ್ಕೊಮಿಯರ್‌ನ ಒಂದೊಂದು ಅರ್ಧವೂ 200 ನ್ಯಾನೋಮೀಟರ್ ಸರಿಯಬೇಕು. ಅಂದರೆ ಕಮ್ಮಿಯೆಂದರೂ 20 ಎಳೆತ ಬೇಕು.

ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿ ಎಲ್ಲಿ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಓದಿ. ಎಟಿಪಿ ಒಡೆದಾಗ ಮಯೋಸಿನ್‌ನ ತಲೆ ಎಳೆಯಲು ಸಿದ್ಧವಾಗಿ ನಿಲ್ಲುತ್ತದೆ. ಒಡೆದ ಚೂರುಗಳಾದ ಎಡಿಪಿ ಮತ್ತು ಫಾಸ್ಫೇಟ್ ಇನ್ನೂ ಅದರ ಮೇಲೇ ಇರುತ್ತವೆ. ತಲೆ ಆಕ್ಟಿನ್ ಹಿಡಿಯುತ್ತದೆ, ಫಾಸ್ಫೇಟ್ ಹೊರಬೀಳುತ್ತದೆ, ಎಳೆತ ಆಗುತ್ತದೆ. ಎಡಿಪಿಯೂ ಬಿಟ್ಟು ಹೋಗುತ್ತದೆ. ಆದರೂ ತಲೆ ಆಕ್ಟಿನ್ ಬಿಡುವುದಿಲ್ಲ. ಹೊಸ ಎಟಿಪಿ ಬಂದು ಕೂತರೆ ಮಾತ್ರ ಬಿಡುತ್ತದೆ. ಅಂದರೆ ಹಿಡಿತ ಬಿಡಿಸಲೂ ಎಟಿಪಿಯೇ ಬೇಕು. ಕುರಿ ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುವುದು ಇದಕ್ಕೇ. ಎಟಿಪಿ ಮುಗಿದಿರುತ್ತದೆ, ತಲೆಗಳು ಹಿಡಿದಲ್ಲೇ ಉಳಿದಿರುತ್ತವೆ.

ಸರಿ, ತಲೆ ಸಿದ್ಧವಾಗಿದೆ, ಆಕ್ಟಿನ್ ಪಕ್ಕದಲ್ಲೇ ಇದೆ. ಹಾಗಿದ್ದರೆ ನಾವು ಯಾವಾಗಲೂ ಬಿಗಿಯಾಗಿ ಯಾಕಿಲ್ಲ? ತೆಳು ಎಳೆಯ ಮೇಲೆ ಟ್ರೋಪೋಮಯೋಸಿನ್ ಎಂಬ ಉದ್ದನೆಯ ಪ್ರೋಟೀನ್ ಹಾಸಿಕೊಂಡಿದೆ. ಮಯೋಸಿನ್ ಹಿಡಿಯಬೇಕಾದ ಜಾಗವನ್ನು ಅದು ಮುಚ್ಚಿರುತ್ತದೆ. ಅದರ ಜೊತೆಗೇ ಟ್ರೋಪೋನಿನ್ ಇದೆ. ಟ್ರೋಪೋನಿನ್‌ಗೆ ಕ್ಯಾಲ್ಸಿಯಂ ಅಂಟಿದಾಗ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಜಾಗ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಎಳೆಯುವುದಿಲ್ಲ, ಶಕ್ತಿಯನ್ನೂ ಕೊಡುವುದಿಲ್ಲ. ಅಡ್ಡ ತೆಗೆಯುವುದಷ್ಟೇ ಅದರ ಕೆಲಸ.

ಈ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ? ನಾರಿನ ಒಳಗಿನಿಂದಲೇ. ಮಯೋಫೈಬ್ರಿಲ್‌ಗಳನ್ನು ಸುತ್ತಿಕೊಂಡು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಚೀಲದ ಜಾಲವಿದೆ, ಕ್ಯಾಲ್ಸಿಯಂ ಕೂಡಿಟ್ಟಿರುವುದು ಅಲ್ಲಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಬೀಳುತ್ತದೆ. ನಾರಿನ ಪೊರೆಯ ಮೇಲೆ ವಿದ್ಯುತ್ ಸಂಕೇತ ಹರಿಯುತ್ತದೆ. ಪೊರೆಯೇ ಒಳಕ್ಕೆ ಚಾಚಿ ಆದ ಟಿ ನಳಿಕೆಗಳ ಮೂಲಕ ಅದು ನಾರಿನ ಆಳಕ್ಕೂ ಇಳಿಯುತ್ತದೆ. ನಳಿಕೆಯ ಗೋಡೆಯಲ್ಲಿ ವೋಲ್ಟೇಜ್ ಗುರುತಿಸುವ ಪ್ರೋಟೀನ್ ಇದೆ, ಅದಕ್ಕೆ ತಾಗಿಕೊಂಡೇ ಚೀಲದಿಂದ ಕ್ಯಾಲ್ಸಿಯಂ ಹೊರಬಿಡುವ ಬಾಗಿಲು, ರಯನೋಡಿನ್ ಚಾನೆಲ್ ಇದೆ. ಮೊದಲನೆಯದು ಆಕಾರ ಬದಲಿಸಿದರೆ ಎರಡನೆಯದು ತೆರೆದುಕೊಳ್ಳುತ್ತದೆ. ನಾರಿನ ದ್ರವದಲ್ಲಿ 0.1 ಮೈಕ್ರೋಮೋಲಾರ್‌ನಷ್ಟಿದ್ದ ಕ್ಯಾಲ್ಸಿಯಂ ಕೆಲವೇ ಮಿಲಿಸೆಕೆಂಡುಗಳಲ್ಲಿ ಹತ್ತಾರು ಪಟ್ಟು ಏರುತ್ತದೆ. ಸಂಕೇತ ನಿಂತ ಮೇಲೆ ಪಂಪುಗಳು ಅದನ್ನು ವಾಪಸ್ ಚೀಲಕ್ಕೆ ತುಂಬುತ್ತವೆ. ಒಂದು ಎಟಿಪಿ ಖರ್ಚಿಗೆ ಎರಡು ಕ್ಯಾಲ್ಸಿಯಂ. ಸ್ನಾಯು ಸಡಿಲವಾಗುವುದಕ್ಕೂ ಹೀಗೆ ಖರ್ಚಿದೆ.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಹಿಂದಿನ ದಿನವಷ್ಟೇ ಕರು ಹಾಕಿದ ಜೆರ್ಸಿ ಮಿಶ್ರತಳಿಯ ಹಸು ಮಲಗಿತ್ತು. ಏಳಲು ಆಗುತ್ತಿರಲಿಲ್ಲ. ಕುತ್ತಿಗೆ ಪಕ್ಕೆಗೆ ತಿರುಗಿತ್ತು, ಕಿವಿ ತಣ್ಣಗಿತ್ತು, ಮೂತಿ ಒಣಗಿತ್ತು. ಹಾಲುಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ಬಿಸಿ ಇರುವುದಿಲ್ಲ. ಕೆಚ್ಚಲಿಗೆ ದಿಢೀರನೆ ಕ್ಯಾಲ್ಸಿಯಂ ಹರಿದು ರಕ್ತದಲ್ಲಿ ಕಮ್ಮಿಯಾಗಿರುತ್ತದೆ. ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಹಾಕಿದೆ. ಸ್ವಲ್ಪ ಹೊತ್ತಿಗೆ ಸಗಣಿ ಹಾಕಿತು, ಆಮೇಲೆ ಎದ್ದು ನಿಂತಿತು. ಮನೆಯ ಹುಡುಗಿ ಕೇಳಿದಳು: "ಡಾಕ್ಟ್ರೇ, ಬಾಟಲಿಯ ಕ್ಯಾಲ್ಸಿಯಂ ಹೋಗಿ ಟ್ರೋಪೋನಿನ್‌ಗೆ ಅಂಟಿತು, ಅದಕ್ಕೆ ಎದ್ದಿತು, ಅಲ್ವಾ?"

ಕೇಳಲು ಸರಿಯಾಗೇ ಇದೆ. ಆದರೆ ಅಲ್ಲ. ಹಸುವಿನ 100 ಮಿಲಿ ರಕ್ತದ್ರವದಲ್ಲಿ ಸಾಮಾನ್ಯವಾಗಿ 8.5ರಿಂದ 10 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದು ಅರ್ಧಕ್ಕಿಳಿದರೂ ನಾರಿನ ಹೊರಗಿರುವುದು ಒಳಗಿನ ದ್ರವಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಮೇಲಾಗಿ ಕಾಲಿನ ಸ್ನಾಯು ಹೊರಗಿನ ಕ್ಯಾಲ್ಸಿಯಂ ಕಾಯುವುದೇ ಇಲ್ಲ, ತನ್ನ ಚೀಲದ್ದನ್ನು ಬಳಸುತ್ತದೆ. ಕಪ್ಪೆಯ ಕಾಲಿನ ನಾರನ್ನು ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿಟ್ಟು ನೇರವಾಗಿ ವಿದ್ಯುತ್ ಕೊಟ್ಟರೂ ಸ್ವಲ್ಪ ಹೊತ್ತು ಅದು ಎಳೆಯುತ್ತದೆ.

ಹಾಗಾದರೆ ಹಸು ಬಿದ್ದದ್ದು ಯಾಕೆ? ನರದ ತುದಿ ನೋಡಿ. ಅಲ್ಲಿ ಅಸಿಟೈಲ್‌ಕೋಲಿನ್ ಹೊರಬರಬೇಕಾದರೆ ಹೊರಗಿನ ಕ್ಯಾಲ್ಸಿಯಂ ನರದೊಳಗೆ ನುಗ್ಗಬೇಕು. ಅದು ಕಮ್ಮಿಯಾದರೆ ಅಸಿಟೈಲ್‌ಕೋಲಿನ್ ಸಾಕಷ್ಟು ಬೀಳುವುದಿಲ್ಲ, ನಾರಿಗೆ ಸಂಕೇತವೇ ತಲುಪುವುದಿಲ್ಲ. ಚೀಲ ತುಂಬಿದೆ, ಎಟಿಪಿ ಇದೆ, ಮಯೋಸಿನ್ ಸಿದ್ಧವಾಗಿದೆ, ಆದರೆ ಚೀಲ ತೆರೆಯಲು ಹೇಳುವವರಿಲ್ಲ. ಬಾಟಲಿ ಸರಿಪಡಿಸಿದ್ದು ನರದ ತುದಿಯನ್ನು.

ಇಲ್ಲೊಂದು ತೊಡಕಿದೆ. ಮನುಷ್ಯರಲ್ಲಿ ರಕ್ತದ ಕ್ಯಾಲ್ಸಿಯಂ ತೀರಾ ಇಳಿದರೆ ಕೈ ಸೋಲುವ ಬದಲು ಸೆಟೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಕಮ್ಮಿಯಾದಾಗ ನರಗಳು ಸುಮ್‌ಸುಮ್ನೆ ಕೆರಳುತ್ತವೆ, ಅದು ಮೇಲುಗೈ ಆದರೆ ಸೆಳೆತ. ಹಸುವಿನಲ್ಲೂ ಶುರುವಿನಲ್ಲಿ ಹೀಗೆ ನಡುಕ ಬರುತ್ತದೆ. ಆಮೇಲೆ ನರದ ತುದಿಯ ಸೋಲು ಮೇಲುಗೈ ಆಗಿ ಮಲಗುತ್ತದೆ. ಹಾಗಾಗಿ ಸುಸ್ತಾದ ಕೂಡಲೇ "ಕ್ಯಾಲ್ಸಿಯಂ ಕಮ್ಮಿ" ಅಂತ ಮಾತ್ರೆ ನುಂಗುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ.

ಹುಡುಗಿ ಬಿಡಲಿಲ್ಲ. ಬಾಟಲಿಯನ್ನು ಅಷ್ಟು ನಿಧಾನ ಬಿಟ್ಟು, ಸ್ಟೆತಾಸ್ಕೋಪ್ ಎದೆಗೇ ಇಟ್ಟುಕೊಂಡು ಕೂತಿದ್ದು ಯಾಕೆ ಎಂದು ಕೇಳಿದಳು. ಅದು ಹೃದಯಕ್ಕಾಗಿ. ಎಳೆಗಳು ಜಾರುವುದು, ಟ್ರೋಪೋನಿನ್, ಎಲ್ಲ ಅಲ್ಲೂ ಇದೆ. ಆದರೆ ಹೃದಯದ ಕೋಶದಲ್ಲಿ ವೋಲ್ಟೇಜ್ ಪ್ರೋಟೀನ್ ಚೀಲವನ್ನು ನೇರವಾಗಿ ತೆರೆಯುವುದಿಲ್ಲ. ಅದು ಹೊರಗಿನ ಕ್ಯಾಲ್ಸಿಯಂ ಸ್ವಲ್ಪ ಒಳಗೆ ಬಿಡುತ್ತದೆ, ಆ ಕ್ಯಾಲ್ಸಿಯಂ ಚೀಲವನ್ನು ತೆರೆಸುತ್ತದೆ. ಕಪ್ಪೆಯ ಹೃದಯ ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಬಡಿಯುವುದಿಲ್ಲ ಎಂದು ಸಿಡ್ನಿ ರಿಂಗರ್ 1883ರಲ್ಲೇ ತೋರಿಸಿದ್ದರು. ಹೊರಗಿನ ಕ್ಯಾಲ್ಸಿಯಂಗೆ ಹೃದಯ ಇಷ್ಟು ನೇರವಾಗಿ ಸ್ಪಂದಿಸುವುದರಿಂದ 450 ಮಿಲಿ ಬಾಟಲಿಯನ್ನು ಒಂದೇ ಸಲಕ್ಕೆ ಬಿಟ್ಟರೆ ಬಡಿತ ತಪ್ಪುತ್ತದೆ, ನಿಂತೂ ಹೋಗಬಹುದು. ಬಡಿತದಲ್ಲಿ ಏರುಪೇರು ಕೇಳಿದ ಕೂಡಲೇ ಡ್ರಿಪ್ ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೂ ನಿಧಾನವಾಗಿ ಬಿಡುತ್ತೇವೆ.