ಎಲ್ಲರೂ ಹೇಳಿದರೆ ನನ್ನ ಸುಳ್ಳು ನಡೆಯುತ್ತಾ?

ತಪ್ಪು ಮಾಡಿದವರನ್ನು "ಎಲ್ಲರೂ ಹೀಗೇ ಮಾಡಿದರೆ ಏನಾಗುತ್ತೆ?" ಅಂತ ಕೇಳುವುದುಂಟು. ಜಗತ್ತು ಕೆಟ್ಟುಹೋಗುತ್ತೆ ಅನ್ನುವ ಉತ್ತರ ಅದರಲ್ಲೇ ಅಡಗಿರುತ್ತದೆ. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಇಂಥದ್ದೇ ಒಂದು ಪರೀಕ್ಷೆಯನ್ನು ಮುಂದಿಟ್ಟ. ಯಾವ ಷರತ್ತೂ ಇಲ್ಲದೆ ಎಲ್ಲರೂ ಪಾಲಿಸಬೇಕಾದ ನೈತಿಕ ಆಜ್ಞೆಯನ್ನು ಅವನು 'ಕ್ಯಾಟಗಾರಿಕಲ್ ಇಂಪರೇಟಿವ್' ಅಂತ ಕರೆದ; ಈ ಪರೀಕ್ಷೆ ಅದರ ಮೊದಲ ರೂಪ. ಆದರೆ ಜಗತ್ತು ಎಷ್ಟು ಕೆಡುತ್ತದೆ ಅನ್ನುವ ಲೆಕ್ಕ ಅದರಲ್ಲಿಲ್ಲ. ಅದು ಕೇಳುವ ಪ್ರಶ್ನೆ ಇನ್ನೂ ಹರಿತವಾದದ್ದು: ಎಲ್ಲರೂ ಮಾಡುವ ಲೋಕದಲ್ಲಿ ನಿನ್ನ ಉಪಾಯ ನಿನಗೇ ಕೆಲಸ ಮಾಡುತ್ತದೆಯೇ?

ಕಾಂಟ್ ಕೊಟ್ಟ ಉದಾಹರಣೆಯನ್ನೇ ನೋಡೋಣ. ಒಬ್ಬನಿಗೆ ಹಣದ ತುರ್ತು. ತೀರಿಸಲು ಆಗುವುದಿಲ್ಲ ಅಂತ ಅವನಿಗೇ ಗೊತ್ತು. ಆದರೂ "ತೀರಿಸ್ತೀನಿ" ಅಂತ ಮಾತು ಕೊಟ್ಟು ಸಾಲ ಕೇಳುತ್ತಾನೆ. ಮೊದಲು ಅವನ ನಿಯಮವನ್ನು ಬಿಡಿಸಿ ಬರೆಯಬೇಕು. "ಹಣ ಬೇಕಾದಾಗ, ಅದನ್ನು ಪಡೆಯಲು, ತೀರಿಸುವ ಸುಳ್ಳು ಮಾತು ಕೊಡುತ್ತೇನೆ." ಸಂದರ್ಭ, ಗುರಿ, ದಾರಿ ಮೂರೂ ಇಲ್ಲಿವೆ. ಈಗ ಹಣ ಬೇಕಾದವರೆಲ್ಲ ಹೀಗೇ ಮಾಡುವ, ಅದು ಎಲ್ಲರಿಗೂ ಗೊತ್ತಿರುವ ಲೋಕವನ್ನು ಊಹಿಸಿಕೊಳ್ಳಿ. ಅಲ್ಲಿ "ತೀರಿಸ್ತೀನಿ" ಅನ್ನುವ ಮಾತಿಗೆ ಯಾರೂ ಹಣ ಬಿಚ್ಚುವುದಿಲ್ಲ. ಅಂದರೆ ಇವನ ದಾರಿ ಇವನ ಗುರಿಯನ್ನು ಮುಟ್ಟಿಸುವುದೇ ಇಲ್ಲ. ತನ್ನ ಮಾತನ್ನು ಜನ ನಂಬಬೇಕು, ಆದರೆ ಆ ನಂಬಿಕೆ ಉಳಿಯದಂತೆ ಮಾಡುವ ನಿಯಮವೂ ಎಲ್ಲರದ್ದಾಗಬೇಕು. ಎರಡನ್ನೂ ಒಟ್ಟಿಗೆ ಬಯಸಲು ಸಾಧ್ಯವಿಲ್ಲ, ಅಲ್ವಾ?

ಪರೀಕ್ಷೆಯಲ್ಲಿ ನಕಲು ಮಾಡುವವನದ್ದೂ ಇದೇ ಕಥೆ. ಅಂಕ ನೋಡಿ ಜನ ತನ್ನನ್ನು ಬಲ್ಲವನು ಅಂತ ತಿಳಿಯಲಿ ಅನ್ನುವುದು ಅವನ ಗುರಿ. ಎಲ್ಲರೂ ನಕಲು ಮಾಡಿದರೆ ಅಂಕಪಟ್ಟಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವನ ಮೋಸ ನಡೆಯುವುದು ಉಳಿದವರು ಓದಿ ಬರೆದಿರುವುದರಿಂದ. ತಾನು ಮುರಿಯುವ ನಿಯಮವನ್ನು ಬೇರೆಯವರು ಪಾಲಿಸಲಿ ಅಂತ ಅವನು ಒಳಗೊಳಗೇ ಬಯಸುತ್ತಿರುತ್ತಾನೆ. ಇದನ್ನು ಬಯಲಿಗೆ ತರುವುದೇ ಈ ಪರೀಕ್ಷೆಯ ನಿಜವಾದ ಬಲ ಅಂತ ನನಗನಿಸುತ್ತದೆ.

ಎಡವುವುದು ಎಲ್ಲಿ ಅಂದರೆ, ನಿಯಮವನ್ನು ಬರೆದುಕೊಳ್ಳುವಾಗ. ಸಾಲಗಾರ ಜಾಣನಾಗಿದ್ದರೆ ಹೀಗೆ ಬರೆಯಬಹುದು: "ಎಡಗೈಯಲ್ಲಿ ಬರೆಯುವ, ಮಂಗಳವಾರ ಹುಟ್ಟಿದ, ಮೂವರು ತಂಗಿಯರಿರುವವನು ಸುಳ್ಳು ಮಾತು ಕೊಡಬಹುದು." ಇಂಥವರು ಎಷ್ಟು ಜನ ಸಿಕ್ಕಾರು? ಅವರೆಲ್ಲ ಸುಳ್ಳು ಹೇಳಿದರೂ ಸಾಲದ ವ್ಯವಹಾರ ಕುಸಿಯುವುದಿಲ್ಲ. ಈ ಕಳ್ಳದಾರಿಯನ್ನು ಪತ್ತೆ ಮಾಡಲು ಒಂದು ಪ್ರಶ್ನೆ ಸಾಕು. ನೀನು ಬಲಗೈಯವನಾಗಿದ್ದರೆ ಈ ಯೋಜನೆಯನ್ನು ಬಿಡುತ್ತಿದ್ದೆಯಾ? ಇಲ್ಲ ಅಂದರೆ ಆ ವಿವರ ಸುಮ್ನೆ ಅಂಟಿಸಿದ್ದು, ಕಿತ್ತುಹಾಕಬೇಕು. ಪರೀಕ್ಷೆಗೆ ಒಡ್ಡಬೇಕಾದದ್ದು ಅವನು ನಿಜವಾಗಿ ನಡೆಯುತ್ತಿರುವ ನಿಯಮವನ್ನು.

ವಿವರ ಜಾಸ್ತಿಯಾಗಿ ತಪ್ಪೇ ಅಲ್ಲದ್ದು ಸಿಕ್ಕಿಬೀಳುವುದೂ ಉಂಟು. "ದಾರಿ ಖಾಲಿ ಇರುತ್ತದೆ ಅಂತ ಬೆಳಿಗ್ಗೆ ಐದಕ್ಕೆ ಓಡಲು ಹೋಗುತ್ತೇನೆ." ಎಲ್ಲರೂ ಐದಕ್ಕೇ ಬಂದರೆ ದಾರಿ ತುಂಬುತ್ತದೆ, ನಿಯಮ ಸೋಲುತ್ತದೆ. ಆದರೆ ಇದರಲ್ಲಿ ಯಾವ ಅನ್ಯಾಯವೂ ಇಲ್ಲ. ಐದಕ್ಕೆ ಜನ ಜಾಸ್ತಿಯಾದರೆ ನಾನು ಬೇರೆ ಹೊತ್ತಿಗೆ ಹೋಗುತ್ತೇನೆ. ಹಾಗಾಗಿ ನನ್ನ ನಿಜವಾದ ನಿಯಮ "ಜನ ಕಡಿಮೆ ಇರುವಾಗ ಹೋಗುತ್ತೇನೆ" ಅನ್ನುವುದು. ಅದನ್ನು ಎಲ್ಲರೂ ಪಾಲಿಸಿದರೆ ಜನ ಬೇರೆ ಬೇರೆ ಹೊತ್ತಿಗೆ ಹಂಚಿಹೋಗುತ್ತಾರೆ, ಅಷ್ಟೇ.

ಎಲ್ಲಕ್ಕಿಂತ ಕಷ್ಟದ ಪ್ರಕರಣವನ್ನು ಕಾಂಟ್ 1797ರಲ್ಲಿ ಎತ್ತಿಕೊಂಡ. ಕೊಲೆಗಾರನಿಂದ ತಪ್ಪಿಸಿಕೊಂಡ ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ. ಕೊಲೆಗಾರ ಬಾಗಿಲಿಗೆ ಬಂದು "ಅವನು ಒಳಗಿದ್ದಾನಾ?" ಅಂತ ಕೇಳುತ್ತಾನೆ. ಆಗಲೂ ಸುಳ್ಳು ಹೇಳಬಾರದು ಅಂದ ಕಾಂಟ್. ಓದಿದವರಿಗೆ ಇವತ್ತಿಗೂ ಇದು ನುಂಗಲಾರದ ತುತ್ತು.

ಅಮೆರಿಕದ ತತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್ 1986ರಲ್ಲಿ ಈ ಪ್ರಕರಣವನ್ನು ಅದೇ ಪರೀಕ್ಷೆಗೆ ಮತ್ತೆ ಹಾಕಿ ನೋಡಿದರು. ಕೊಲೆಗಾರ ಸಾಮಾನ್ಯವಾಗಿ ತಾನು ಕೊಲ್ಲಲು ಬಂದಿದ್ದೇನೆ ಅಂತ ಹೇಳಿಕೊಳ್ಳುವುದಿಲ್ಲ. ತನ್ನ ಉದ್ದೇಶ ನಿಮಗೆ ಗೊತ್ತಿಲ್ಲ ಅಂತಲೇ ಅವನು ಅಂದುಕೊಂಡಿರುತ್ತಾನೆ. "ಕೊಲೆಗಾರರಿಗೆ ಎಲ್ಲರೂ ಸುಳ್ಳು ಹೇಳುತ್ತಾರೆ" ಅನ್ನುವುದು ಲೋಕಕ್ಕೆಲ್ಲ ಗೊತ್ತಿದ್ದರೂ ಅವನು ನಿಮ್ಮ ಮಾತನ್ನು ನಂಬುತ್ತಾನೆ. ಸುಳ್ಳು ಕೆಲಸ ಮಾಡುತ್ತದೆ, ನಿಯಮ ಪಾಸಾಗುತ್ತದೆ. ಅವನು ತನ್ನ ಉದ್ದೇಶವನ್ನು ಬಾಯಿಬಿಟ್ಟು ಹೇಳಿದ್ದರೆ ಲೆಕ್ಕ ಬೇರೆ. ಆಗ ಎಲ್ಲರೂ ಪಾಲಿಸುವ ಆ ನಿಯಮ ಅವನಿಗೂ ಗೊತ್ತು, ಹಾಗಾಗಿ ನಿಮ್ಮ ಸುಳ್ಳು ನಾಟುವುದಿಲ್ಲ. ಕಾಂಟ್‌ನದೇ ಇನ್ನೊಂದು ಸೂತ್ರವಿದೆ: ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು. ಆ ಸೂತ್ರ ಬಾಗಿಲಲ್ಲಿ ನಿಂತ ಕೊಲೆಗಾರನಿಗೂ ಸುಳ್ಳು ಹೇಳಲು ಬಿಡುವುದಿಲ್ಲ ಅಂತ ಕೋರ್ಸ್‌ಗಾರ್ಡ್ ಅದೇ ಬರಹದಲ್ಲಿ ತೋರಿಸಿದರು.