ಮುದ್ರೆಯಲ್ಲಿ ಪ್ರಧಾನ, ಬಾಯಲ್ಲಿ ಪೇಶ್ವೆ

ಪುಣೆಯಲ್ಲಿ ಶನಿವಾರವಾಡೆ ನೋಡಲು ಹೋದ ಕನ್ನಡಿಗರೆಲ್ಲ 'ಪೇಶ್ವೆ' ಅನ್ನುತ್ತಾರೆ. ಅದು ಫಾರ್ಸಿ ಪದ. ಮರಾಠಿಯಿಂದ ಅದನ್ನು ತೆಗೆದುಹಾಕಲು ಸಾಕ್ಷಾತ್ ಶಿವಾಜಿ ಮಹಾರಾಜರೇ ಹೊರಟಿದ್ದರು.

1674ರಲ್ಲಿ ಪಟ್ಟಾಭಿಷೇಕವಾಯಿತು. ಆ ಕಾಲದಲ್ಲೇ ರಘುನಾಥ ಪಂಡಿತರ ಕೈಲಿ 'ರಾಜ್ಯವ್ಯವಹಾರ ಕೋಶ' ಮಾಡಿಸಿದರು. ಆಡಳಿತದ ಫಾರ್ಸಿ, ಅರಬ್ಬಿ ಪದಗಳಿಗೆ ಬದಲಿ ಪದ ಕೊಡುವ ಕೋಶ ಅದು. ಬದಲಿ ಪದಗಳು ಹೆಚ್ಚಾಗಿ ಸಂಸ್ಕೃತದವು. ಕೋಶ ಇರುವುದೂ ಸಂಸ್ಕೃತ ಪದ್ಯದಲ್ಲಿ. ಮುಜುಮದಾರ ಹೋಗಿ ಅಮಾತ್ಯ, ಸುರನೀಸ ಹೋಗಿ ಸಚಿವ, ಪೇಶ್ವೆ ಹೋಗಿ ಪ್ರಧಾನ ಬರಬೇಕಿತ್ತು.

ಮುಂದೆ ಏನಾಯಿತು? ಬಾಜೀರಾಯನ ಮುದ್ರೆಯಲ್ಲಿ ಇರುವುದು 'ಮುಖ್ಯಪ್ರಧಾನ'. ಊರೆಲ್ಲ ಕರೆದದ್ದು ಮಾತ್ರ ಪೇಶ್ವೆ ಅಂತಲೇ. ಆದರೆ ಪುಣೆ ಹತ್ತಿರದ ಭೋರ್ ಸಂಸ್ಥಾನದ ದೊರೆಗಳು ಕೊನೆಯವರೆಗೂ 'ಪಂತ ಸಚಿವ'ರಾಗಿಯೇ ಉಳಿದರು. ಒಂದೇ ಬಗೆಯ ಪ್ರಯತ್ನ, ಎರಡು ಫಲ. ನನಗೆ ಕಾಣುವ ಕಾರಣ ಇದು: ಸಚಿವ ಅನ್ನುವುದು ಒಂದು ಮನೆತನದ ಬಿರುದಾಗಿ ನಿಂತಿತು. ಪೇಶ್ವೆ ಸೈನಿಕ, ಸಾಲಗಾರ, ಸಂತೆಯವರು ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಪದ. ಆಜ್ಞೆ ಮುದ್ರೆಯನ್ನು ಬದಲಿಸುತ್ತದೆ, ಅಷ್ಟು ಬಾಯಿಗಳನ್ನು ಬದಲಿಸುವುದಿಲ್ಲ.

1920ರ ದಶಕದಲ್ಲಿ ರತ್ನಾಗಿರಿಯಲ್ಲಿದ್ದ ಸಾವರ್ಕರ್ ಭಾಷಾಶುದ್ಧಿ ಚಳವಳಿ ಶುರು ಮಾಡಿದಾಗಲೂ ಹೀಗೇ ಆಯಿತು. ಮೇಯರ್ ಬದಲು ಅವರು ಕೊಟ್ಟ 'ಮಹಾಪೌರ' ಮರಾಠಿಯಲ್ಲಿ ಗೆದ್ದಿತು. ಊರಿಗೆ ಒಬ್ಬರೇ ಮೇಯರ್, ಆ ಪದ ಬೇಕಾಗುವುದು ಹೆಚ್ಚಾಗಿ ಫಲಕಕ್ಕೆ ಮತ್ತು ಸುದ್ದಿಗೆ. ತಾರೀಖಿನ ಬದಲು ಕೊಟ್ಟ 'ದಿನಾಂಕ' ಅರ್ಧ ಗೆದ್ದಿತು. ಮುಂಬೈಯ ಮರಾಠಿ ಅರ್ಜಿಯಲ್ಲಿ ಅದೇ ಇದೆ, ನಮ್ಮ ಕನ್ನಡದ ಅರ್ಜಿಗಳಲ್ಲೂ ಇದೆ. ಮಾತಿನಲ್ಲಿ ಮಾತ್ರ 'ಇವತ್ತು ಯಾವ ತಾರೀಖು?' ಅಂತಲೇ ಕೇಳುತ್ತೇವೆ, ಅಲ್ವಾ?

ಎರವಲು ಪದ ಎಷ್ಟು ಆಳಕ್ಕೆ ಇಳಿದಿದೆ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಅದಕ್ಕೆ ನಮ್ಮ ಪ್ರತ್ಯಯ ಅಂಟಿದೆಯೇ ನೋಡಬೇಕು. 'ಬದಲ್' ಅರಬ್ಬಿ ಪದ. ಮರಾಠಿ ಅದಕ್ಕೆ ತನ್ನ ಪ್ರತ್ಯಯ ಹಚ್ಚಿ 'ಬದಲಣೆ' ಮಾಡಿಕೊಂಡಿತು. ಕನ್ನಡದಲ್ಲಿ ಬದಲಿಸು, ಬದಲಾಯಿಸು, ಬದಲಾವಣೆ ಆದವು. 'ಹಾಜರ್' ಕೂಡ ಹಾಗೆಯೇ, ಕನ್ನಡದ ಕ್ರಿಯಾಪದಗಳ ಜೊತೆ ಬೆರೆತಿದೆ: ಹಾಜರಾಗು, ಹಾಜರಿರು, ಹಾಜರುಪಡಿಸು. ಒಂದನ್ನು ಕಿತ್ತರೆ ಇಡೀ ಬಳಗಕ್ಕೇ ಹೊಸ ಪದ ಹುಡುಕಬೇಕು. ಪದಕೋಶ ಮಾಡುವವರು ಸಾಮಾನ್ಯವಾಗಿ ಒಂದು ಪದಕ್ಕೆ ಒಂದು ಪದ ಬರೆದು ಮುಂದೆ ಹೋಗುತ್ತಾರೆ, ಪಟ್ಟಿ ಸೋಲುವುದು ಅಲ್ಲೇ.

ಎರವಲು ಪದದಿಂದ ಭಾಷೆ ಕೆಡುತ್ತದೆ ಎಂದು ಮುಂಬೈ ಕನ್ನಡಿಗರಿಗೆ ಉಪದೇಶ ಮಾಡುವವರು ಇದನ್ನು ಗಮನಿಸಬೇಕು. 'ಬದಲಿಸಿದೆವು' ಅನ್ನುವಾಗ ಬೇರು ಮಾತ್ರ ಅರಬ್ಬಿಯದು. ಕ್ರಿಯೆ ಕಟ್ಟುವ 'ಇಸು', ಕಾಲ ಹೇಳುವ 'ದ', 'ನಾವು' ಎಂದು ತಿಳಿಸುವ 'ಎವು' ಮೂರೂ ಕನ್ನಡದವೇ.